ಬೆಲೆ ಪುಟ ನೋಡಿದವರಿಗೆ ಫೋನ್ ಮಾಡುವ ಮುನ್ನ

"ಸರ್, ಈಗ ತಾನೇ ನಮ್ಮ ಬೆಲೆ ಪುಟ ನೋಡ್ತಿದ್ರಲ್ಲ, ಏನಾದ್ರೂ ಡೌಟ್ ಇದ್ಯಾ?"

ಆ ಕಡೆ ಎರಡು ಕ್ಷಣ ಸದ್ದಿಲ್ಲ. ಆಮೇಲೆ ಅವರು ಕೇಳಿದರು: "ನಾನು ನೋಡ್ತಿದ್ದೆ ಅಂತ ನಿಮಗೆ ಹೇಗೆ ಗೊತ್ತು?" ನಾನು ಪೆದ್ದನ ಹಾಗೆ "ಸಿಸ್ಟಂನಲ್ಲಿ ಬರುತ್ತೆ ಸರ್" ಎಂದೆ. ಫೋನ್ ಕಟ್. ಮತ್ತೆ ಅವರು ನನ್ನ ನಂಬರ್ ಎತ್ತಲೇ ಇಲ್ಲ.

ನಾನು ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಪೇರೋಲ್ ಸಾಫ್ಟ್‌ವೇರ್ ಮಾರುತ್ತೇನೆ. ಪೀಣ್ಯ, ಬೊಮ್ಮಸಂದ್ರ, ತುಮಕೂರು ಕಡೆಯ ಕಾರ್ಖಾನೆಗಳ ಎಚ್‌ಆರ್‌ನವರಿಗೆ ಮೇಲ್ ಕಳಿಸುವುದು, ಲಿಂಕ್ ಒತ್ತಿದವರಿಗೆ ಫೋನ್ ಮಾಡುವುದು ನಮ್ಮ ಕೆಲಸ. ಯಾರಾದರೂ ಒತ್ತಿದ ಕೂಡಲೇ ಗಿರಾಕಿಗಳ ವಿವರ ಇಡುವ ಸಿಆರ್‌ಎಂನಲ್ಲಿ ಕೆಂಪು ಗಂಟೆ ಬಡಿಯುತ್ತಿತ್ತು, 'ಈಗಲೇ ಕರೆ ಮಾಡಿ' ಅಂತ. ನಾವೂ ಹಾಗೇ ಮಾಡುತ್ತಿದ್ದೆವು.

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ನೀವು ಹಸಿರು ಸೀರೆಯ ಸೆರಗು ಮುಟ್ಟಿ ನೋಡಿದರೆ ಅಂಗಡಿಯವರಿಗೆ ಕಾಣುತ್ತದೆ. ಅವರು ಬಾಯಿ ಬಿಡುವುದಿಲ್ಲ, ಸುಮ್ನೆ ಅದೇ ಬಣ್ಣದ ಇನ್ನೂ ನಾಲ್ಕು ಸೀರೆ ಬಿಚ್ಚಿ ಹಾಸುತ್ತಾರೆ. ನಾನು ಮಾತ್ರ "ನೀವು ಹಸಿರು ಸೀರೆ ಮುಟ್ಟಿದ್ರಿ" ಎಂದು ಕೂಗುತ್ತಿದ್ದೆ.

ಆದರೂ ಈ ಅಭ್ಯಾಸ ಬಿಡಿಸಿದ್ದು ಆ ಕರೆಯಲ್ಲ, ಇನ್ನೊಂದು. ಒಬ್ಬ ಮೇಡಂಗೆ "ನಮ್ಮ ಮೇಲ್ ಓದಿದ್ರಿ ಅಲ್ವಾ" ಎಂದೆ. "ಯಾವ ಮೇಲ್? ನಾನು ಬೆಳಗ್ಗೆಯಿಂದ ಶಾಪ್ ಫ್ಲೋರ್‌ನಲ್ಲಿದ್ದೀನಿ" ಎಂದರು. ಲಾಗ್ ತೆಗೆದು ನೋಡಿದೆ. ಮೇಲ್ ಹೋಗಿದ್ದು 10:02:11ಕ್ಕೆ. 10:02:14ರಿಂದ ಎರಡು ಸೆಕೆಂಡಿನೊಳಗೆ ಅದರಲ್ಲಿದ್ದ ನಾಲ್ಕೂ ಲಿಂಕ್ ಒತ್ತಲಾಗಿತ್ತು, ಕೊನೆಯ 'ಇನ್ನು ಮೇಲ್ ಬೇಡ' ಲಿಂಕ್ ಕೂಡ. ಮನುಷ್ಯರು ಹಾಗೆ ಒತ್ತುವುದಿಲ್ಲ. ಅವರ ಕಂಪನಿಯ ಮೇಲ್ ಭದ್ರತಾ ವ್ಯವಸ್ಥೆ ಲಿಂಕ್‌ಗಳಲ್ಲಿ ವೈರಸ್ ಇದೆಯೇ ಎಂದು ತಾನೇ ತೆರೆದು ಪರೀಕ್ಷಿಸಿತ್ತು. ದೊಡ್ಡ ಕಂಪನಿಗಳ ಮೇಲ್‌ಗಳಲ್ಲಿ ಇದು ಮಾಮೂಲು. 'ಮೇಲ್ ತೆರೆದರು' ಎಂಬ ಲೆಕ್ಕ ಇನ್ನೂ ಕೆಟ್ಟದು. 2021ರಲ್ಲಿ ಆಪಲ್ ತನ್ನ ಮೇಲ್ ಆಪ್‌ಗೆ ತಂದ ಗೌಪ್ಯತೆಯ ಸೌಲಭ್ಯವನ್ನು ಆನ್ ಮಾಡಿಕೊಂಡವರ ವಿಷಯದಲ್ಲಿ, ಅವರು ಓದದಿದ್ದರೂ ಮೇಲ್‌ನ ಚಿತ್ರಗಳು ಮೊದಲೇ ಲೋಡ್ ಆಗುತ್ತವೆ. ನಮ್ಮ ಲೆಕ್ಕದಲ್ಲಿ ಅದು 'ಓದಿದರು' ಎಂದು ಬೀಳುತ್ತದೆ. ಆ ಕಾಲಂ ಅನ್ನು ನಾನು ಪರದೆಯಿಂದಲೇ ತೆಗೆಸಿಬಿಟ್ಟೆ.

ಕ್ಲಿಕ್‌ಗಳನ್ನು ಸೋಸುವುದಕ್ಕೆ ಮೂರೇ ಕೆಲಸ ಮಾಡಿದೆವು. ಮೇಲ್ ತಲುಪಿದ ಮೊದಲ ಎರಡು ನಿಮಿಷದ ಕ್ಲಿಕ್ ಲೆಕ್ಕಕ್ಕಿಲ್ಲ. ಎಲ್ಲಾ ಲಿಂಕ್ ಒಟ್ಟಿಗೆ ಒತ್ತಿದ್ದರೆ ಲೆಕ್ಕಕ್ಕಿಲ್ಲ. ಕಣ್ಣಿಗೆ ಕಾಣದ ಒಂದು ಲಿಂಕ್ ಮೇಲ್‌ನೊಳಗೆ ಇಟ್ಟೆವು. ಅದನ್ನು ಒತ್ತಿದ್ದು ಯಂತ್ರವೇ, ಮನುಷ್ಯರಿಗೆ ಅದು ಕಾಣಿಸುವುದೇ ಇಲ್ಲ. ಉಳಿದದ್ದರಲ್ಲೂ ಒಂದು ಕ್ಲಿಕ್‌ಗೆ ನಾನು ಅಲುಗಾಡುವುದಿಲ್ಲ. ಎರಡು ಬೇರೆ ಬೇರೆ ದಿನ, ಒಂದೇ ವಿಷಯದ ಪುಟಕ್ಕೆ ಬಂದಿದ್ದರೆ ಮಾತ್ರ ಆಸಕ್ತಿ ಇರಬಹುದು ಅಂದುಕೊಳ್ಳುತ್ತೇನೆ.

ಆಮೇಲೆ ಲಿಂಕ್ ಸರದಿ. ಮೊದಲು ನಮ್ಮ ಲಿಂಕ್‌ನ ಕೊನೆಯಲ್ಲಿ ಗಿರಾಕಿಯ ಹೆಸರೇ ಇರುತ್ತಿತ್ತು. ಬ್ರೌಸರ್‌ನಲ್ಲಿ ತಮ್ಮ ಹೆಸರು ಕಂಡರೆ ಯಾರಿಗೆ ತಾನೇ ಕಸಿವಿಸಿ ಆಗುವುದಿಲ್ಲ? ಈಗ ಹೀಗಿದೆ:

```
/esi-guide?topic=esi&c=k47
```

`esi` ಎಂದರೆ ವಿಷಯ, ಕಾರ್ಮಿಕರ ವಿಮೆಯಾದ ಇಎಸ್‌ಐ. `k47` ಎಂದರೆ ಒಂದು ಕಂಪನಿ, ವ್ಯಕ್ತಿಯಲ್ಲ. ಮೇಲ್‌ನ ಕೊನೆಯಲ್ಲಿ ಎರಡು ಸಾಲೂ ಸೇರಿಸಿದೆವು: "ಇಲ್ಲಿನ ಲಿಂಕ್ ಒತ್ತಿದರೆ ಯಾವ ವಿಷಯದ ಪುಟ ಎಂದು ನಮಗೆ ತಿಳಿಯುತ್ತದೆ. ಬೇಡವಾದರೆ ಒಂದು ಉತ್ತರ ಬರೆಯಿರಿ, ನಿಲ್ಲಿಸುತ್ತೇವೆ." ನಮ್ಮ ಮಾಲೀಕರು ಇದಕ್ಕೆ ಒಪ್ಪಲು ಒಂದು ವಾರ ಹಿಡಿಯಿತು.

ಹೆಚ್ಚು ಕೆಲಸಕ್ಕೆ ಬಂದದ್ದು ಇನ್ನೊಂದು ಬದಲಾವಣೆ. ಕರೆ ಮಾಡುವವರ ಪರದೆಯಿಂದ ಗಂಟೆ, ನಿಮಿಷ ತೆಗೆದುಬಿಟ್ಟೆವು. ಅವರಿಗೆ ಕಾಣುವುದು 'k47, ಇಎಸ್‌ಐ, ಈ ವಾರ' ಇಷ್ಟೇ. "ಬಾಯಿ ತಪ್ಪಿ ಹೇಳಬೇಡಿ" ಎಂದು ಹುಡುಗರಿಗೆ ಎಷ್ಟು ಹೇಳಿದರೂ ಹೇಳುತ್ತಿದ್ದರು. ನಿಮಿಷವೇ ಗೊತ್ತಿಲ್ಲದಿದ್ದರೆ ಹೇಳುವುದು ಹೇಗೆ? ಕರೆ ಮಾಡುವುದು ಮಾರನೇ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ. ಡೆಮೊ ಬೇಕು ಅಂತ ಫಾರಂ ತುಂಬಿದವರಿಗೆ ಮಾತ್ರ ತಕ್ಷಣ, ಯಾಕೆಂದರೆ ಅವರು ಕಾಯುತ್ತಿರುತ್ತಾರೆ.

ಮಾತು ಬರೆಯುವಾಗ ನಾನು ನೋಡಿಕೊಳ್ಳುವುದು ಒಂದನ್ನೇ. ಈ ಮನುಷ್ಯ ಏನನ್ನೂ ಒತ್ತಿರಲೇ ಇಲ್ಲ ಅಂದುಕೊಳ್ಳೋಣ. ಆಗಲೂ ಈ ವಾಕ್ಯಕ್ಕೆ ಅರ್ಥ ಇದೆಯಾ? ಇಲ್ಲದಿದ್ದರೆ ಅಳಿಸುತ್ತೇನೆ. ಕ್ಲಿಕ್‌ನಿಂದ ಯಾವ ವಿಷಯ ಎಂದು ಗೊತ್ತಾಗುತ್ತದೆ. ಕರೆ ಮಾಡಲು ಕಾರಣ ಅವರ ಕೆಲಸದೊಳಗಿಂದಲೇ ಬರಬೇಕು.

ಕಳೆದ ವರ್ಷ ಸೆಪ್ಟೆಂಬರ್ ಮೊದಲ ವಾರ. ಸುಮಾರು 180 ಜನ ಕೆಲಸ ಮಾಡುವ ಒಂದು ಬಿಡಿಭಾಗ ಕಾರ್ಖಾನೆ. ಇಎಸ್‌ಐ ಪುಟಕ್ಕೆ ಮೂರು ದಿನದಲ್ಲಿ ಎರಡು ಸಲ ಬಂದಿದ್ದರು, ಬೆಲೆ ಪುಟಕ್ಕೆ ಒಂದು ಸಲ. ಹಳೆಯ ನಾನಾಗಿದ್ದರೆ "ಇಎಸ್‌ಐ ಬಗ್ಗೆ ನೋಡ್ತಿದ್ರಿ ಅಂತ ಕಾಣುತ್ತೆ" ಎಂದು ಬರೆದಿರುತ್ತಿದ್ದೆ. ಬರೆದದ್ದು ಇದು:

"ನಮಸ್ಕಾರ ಸರ್. ಸೆಪ್ಟೆಂಬರ್ 30ಕ್ಕೆ ಇಎಸ್‌ಐ ವಂತಿಗೆ ಅವಧಿ ಮುಗಿಯುತ್ತೆ. ಜೂನ್, ಜುಲೈನಲ್ಲಿ ಸಂಬಳ ಏರಿಸಿದ ಕಾರ್ಖಾನೆಗಳಲ್ಲಿ 21,000 ರೂಪಾಯಿ ಮಿತಿ ದಾಟಿದವರನ್ನು ಆ ತಿಂಗಳಿಂದಲೇ ಪಟ್ಟಿಯಿಂದ ಬಿಟ್ಟಿರುವುದು ಆಗಾಗ ಕಾಣುತ್ತೆ. ಅವಧಿ ಮುಗಿಯುವವರೆಗೆ ಅವರಿಗೂ ಕಟ್ಟಲೇಬೇಕು. ನಿಮ್ಮಲ್ಲಿ ಇದನ್ನು ಎಕ್ಸೆಲ್‌ನಲ್ಲಿ ನೋಡಿಕೊಳ್ತೀರಾ, ಆಡಿಟರ್ ನೋಡ್ತಾರಾ?"

ಪುಟದ ಮಾತಿಲ್ಲ, ಬೆಲೆಯ ಮಾತಿಲ್ಲ. ಇದು ಯಾವ ಎಚ್‌ಆರ್‌ಗೂ ಆ ತಿಂಗಳು ಕೆಲಸಕ್ಕೆ ಬರುವ ವಿಷಯ. ಕೊನೆಯ ಪ್ರಶ್ನೆಗೆ ಎರಡು ಉತ್ತರ ಇಟ್ಟಿದ್ದು ಬೇಕೆಂದೇ. ಜನ ಒಂದನ್ನು ಆರಿಸುವಾಗ ಉಳಿದದ್ದನ್ನೂ ತಾವೇ ಹೇಳುತ್ತಾರೆ. ಮಧ್ಯಾಹ್ನ ಉತ್ತರ ಬಂತು: "ಆಡಿಟರ್ ನೋಡ್ತಾರೆ. 11 ಜನದ್ದು ಬಿಟ್ಟುಹೋಗಿದೆ ಅಂತ ಮೊನ್ನೆ ತಾನೇ ಹೇಳಿದ್ರು. ನಾಳೆ ಕಾಲ್ ಮಾಡಿ."

ಕರೆಯಲ್ಲಿ ಅವರು ನಗುತ್ತಾ ಕೇಳಿದರು, "ಸರಿಯಾಗಿ ಇದೇ ಟೈಮಿಗೆ ಬರೆದ್ರಿ, ಯಾರು ಹೇಳಿದ್ರು?" ಇಲ್ಲಿ ಸುಳ್ಳು ಹೇಳಿದರೆ ಮುಂದೆ ಸಿಕ್ಕಿಬೀಳುತ್ತೇವೆ. "ನಿಮ್ಮ ಕಂಪನಿಗೆ ಕಳಿಸಿದ ಲಿಂಕ್‌ನಿಂದ ಇಎಸ್‌ಐ ಪುಟ ಯಾರೋ ನೋಡಿದ್ರು ಸರ್. ಮೇಲ್ ಕೊನೆಯಲ್ಲಿ ಅದನ್ನ ಬರೆದಿದ್ದೀವಿ. ಬೇಡ ಅಂದ್ರೆ ಈಗಲೇ ತೆಗೀತೀನಿ" ಎಂದೆ.

"ನಾನು ನೋಡಿಲ್ಲಪ್ಪ. ಆ ಲಿಂಕನ್ನ ಆಡಿಟರ್‌ಗೆ ವಾಟ್ಸ್ಆಪ್ ಮಾಡಿದ್ದೆ. ಅವರೇ ನೋಡಿರಬೇಕು."

ಬೆಲೆ ಪುಟ ನೋಡಿದ್ದೂ ಆಡಿಟರೇ ಅಂತ ಆಮೇಲೆ ತಿಳಿಯಿತು. ಡೆಮೊಗೆ ಅವರನ್ನೂ ಕೂರಿಸಿಕೊಂಡೆವು. ಆ 11 ಜನರ ಪಟ್ಟಿಯನ್ನೇ ತೆರೆದು ಶುರು ಮಾಡಿದೆ.