ನೋಟರಿ ಸಿಕ್ಕಾ ಎಲ್ಲ ಕಡೆ ನಡೆಯೋದಿಲ್ಲ

ಝೆರಾಕ್ಸ್ ಮೇಲೆ ನೋಟರಿ ಸಿಕ್ಕಾ ಹೊಡೆಸಿಕೊಂಡು ಬಂದು, ಅದು ವಾಪಸ್ ಆದ ಮೇಲೆ "ರೊಕ್ಕಾ ಕೊಟ್ಟು ಮಾಡಿಸೀನ್ರಿ, ಯಾಕ ನಡ್ಯಂಗಿಲ್ಲ?" ಅಂತ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರನ್ನು ಬಾಗಲಕೋಟೆ ನವನಗರದ ಕಚೇರಿಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಸಿಕ್ಕಾ ಸುಳ್ಳಲ್ಲ, ಕೊಟ್ಟ ರೊಕ್ಕವೂ ಸುಳ್ಳಲ್ಲ. ಆ ಕಚೇರಿ ಕೇಳಿದ್ದು ಬೇರೆ ನಕಲು, ಇವರು ತಂದದ್ದು ಬೇರೆ.

ಯಾವುದೇ ನಕಲು ಕೈಗೆ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಖರೆ ಅಂತ ಹೇಳುತ್ತಿರುವವರು ಯಾರು, ಏನನ್ನು ನೋಡಿ ಹೇಳುತ್ತಿದ್ದಾರೆ? ಸ್ವಯಂ ದೃಢೀಕೃತ ಪ್ರತಿಯಲ್ಲಿ ಹೇಳುವವರು ನೀವೇ. ನೋಟರಿ ಪ್ರತಿಯಲ್ಲಿ, ನಿಮ್ಮ ಅಸಲನ್ನು ಕಣ್ಣಾರೆ ನೋಡಿದ ನೋಟರಿ ವಕೀಲರು. ಸರ್ಟಿಫೈಡ್ ಕಾಪಿಯಲ್ಲಿ ಮಾತ್ರ ಆ ದಾಖಲೆಯನ್ನು ಇಟ್ಟುಕೊಂಡಿರುವ ಕಚೇರಿಯೇ ತನ್ನ ಪುಸ್ತಕ ತೆಗೆದು ನೋಡಿ ಹೇಳುತ್ತದೆ.

ಮೊದಲು: ಸ್ವಂತ ಸಹಿಯ ಪ್ರತಿ

ಇದು ಸಸಾರ. ಝೆರಾಕ್ಸ್ ಮೇಲೆ "ಅಸಲಿನ ನಿಜ ನಕಲು" ಎಂದು ಬರೆದು ಸಹಿ, ಹೆಸರು, ತಾರೀಖು ಹಾಕಿದರೆ ಮುಗಿಯಿತು. ಸಹಿಯ ಬಾಲ ಅಚ್ಚಾದ ಭಾಗದ ಮೇಲೆ ಸ್ವಲ್ಪ ಹಾಯಲಿ, ಆದರೆ ಫೋಟೊ ಮತ್ತು ನಂಬರು ಮುಚ್ಚಬಾರದು. ಯಾವ ಕೆಲಸಕ್ಕೆ ಕೊಟ್ಟಿದ್ದು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಆಧಾರ್ ನಕಲಿಗಂತೂ ಇದು ಬೇಕೇ ಬೇಕು. ಝೆರಾಕ್ಸ್ ಅಂಗಡಿಯಲ್ಲಿ ಹತ್ತು ಪ್ರತಿ ತೆಗೆಸಿ, ಹತ್ತಕ್ಕೂ ಮೊದಲೇ ಸಹಿ ಮಾಡಿ ಚೀಲದಲ್ಲಿ ಇಟ್ಟುಕೊಳ್ಳುವ ಚಾಳಿ ಬಿಡಿ.

ಮೊದಲು ಇದಕ್ಕೂ ಗೆಜೆಟೆಡ್ ಅಧಿಕಾರಿಯ ಮನೆ ಬಾಗಿಲು ಕಾಯಬೇಕಿತ್ತು. 2014ರ ಸುಮಾರಿಗೆ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣವನ್ನೇ ಒಪ್ಪಿಕೊಳ್ಳಿ ಎಂದು ಇಲಾಖೆಗಳಿಗೆ ಒತ್ತಿ ಹೇಳಿದ ಮೇಲೆ ಆ ಓಡಾಟ ಬಹಳ ಮಟ್ಟಿಗೆ ತಪ್ಪಿತು. ಕಾಲೇಜು ಪ್ರವೇಶ, ನೌಕರಿ ಅರ್ಜಿ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆ, ಎಲ್ಲಿ ಕಡೆಗೊಮ್ಮೆ ಅಸಲು ತೋರಿಸುವುದು ಇದ್ದೇ ಇದೆಯೋ ಅಲ್ಲಿ ಇದು ಸಾಕು. ಬ್ಯಾಂಕಿನವರು ನಿಮ್ಮ ಸಹಿಯನ್ನು ನಂಬಿ ಸುಮ್ಮನಾಗುವುದಿಲ್ಲ. ಅಸಲಿನ ಜೊತೆ ಹೋಲಿಸಿ, ನೋಡಿದ್ದೇವೆ ಎಂದು ಅದೇ ಪ್ರತಿಯ ಮೇಲೆ ತಮ್ಮ ಸಹಿಯನ್ನೂ ಹಾಕಿಕೊಳ್ಳುತ್ತಾರೆ. ಹಾಗಾಗಿ ಅಸಲು ಬಿಟ್ಟು ಬರೀ ಪ್ರತಿ ಹಿಡಿದು ಹೋದರೆ ಮತ್ತೊಮ್ಮೆ ಬಸ್ ಹತ್ತಬೇಕಾಗುತ್ತದೆ.

ಆಮೇಲೆ: ನೋಟರಿ ಪ್ರತಿ

ಅಸಲನ್ನು ನೀವು ಖುದ್ದಾಗಿ ತೋರಿಸಲು ಆಗದ ಕಡೆ ನೋಟರಿ ಬೇಕಾಗುತ್ತದೆ. ಟೆಂಡರ್ ಕಾಗದ, ಅಂಚೆಯಲ್ಲಿ ಕಳಿಸಬೇಕಾದ ಅರ್ಜಿ, ಹೊರದೇಶದ ಸಂಸ್ಥೆಗೆ ಹೋಗುವ ಅಂಕಪಟ್ಟಿ, ಇಂಥವು. ಮಗ ದುಬೈನಲ್ಲಿದ್ದು ಇಲ್ಲಿನ ಬ್ಯಾಂಕಿಗೆ ತನ್ನ ಗುರುತಿನ ಕಾಗದ ಕಳಿಸಬೇಕಿದ್ದರೆ ಅಲ್ಲಿಯ ನೋಟರಿಯ ಅಥವಾ ಭಾರತೀಯ ದೂತಾವಾಸದ ಸಿಕ್ಕಾ ಇರುವ ಪ್ರತಿ ನಡೆಯುತ್ತದೆ. ಅವನ ಪರವಾಗಿ ನೀವು ಇಲ್ಲಿ ಝೆರಾಕ್ಸಿಗೆ ಸಿಕ್ಕಾ ಹೊಡೆಸಿದರೆ ಉಪಯೋಗವಿಲ್ಲ.

ನೋಟರಿ ನಿಮ್ಮ ಅಸಲು ಕೇಳಬೇಕು, ಹೋಲಿಸಬೇಕು, ತಮ್ಮ ರಿಜಿಸ್ಟರಿನಲ್ಲಿ ನಮೂದಿಸಬೇಕು, ಆ ಕ್ರಮಸಂಖ್ಯೆಯನ್ನು ಪ್ರತಿಯ ಮೇಲೆ ಹಾಕಬೇಕು. ನಿಯಮದ ಪ್ರಕಾರ ಸಿಕ್ಕಾ ದುಂಡಗೆ, ಐದು ಸೆಂಟಿಮೀಟರ್ ಅಗಲ ಇರುತ್ತದೆ. ಅದರಲ್ಲಿ ಅವರ ಹೆಸರು, ಕೆಲಸ ಮಾಡಬಹುದಾದ ಪ್ರದೇಶ, ನೋಂದಣಿ ಸಂಖ್ಯೆ ಮೂರೂ ಓದಲು ಬರಬೇಕು. ಶುಲ್ಕದ ಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಕಾಣುವ ಹಾಗೆ ಹಾಕಿರಬೇಕೆಂಬ ನಿಯಮವೂ ಇದೆ, ಕೇಳಲು ಮುಜುಗರ ಬೇಡ. ಅಸಲನ್ನೇ ಕೇಳದೆ ಟಪಟಪನೆ ಸಿಕ್ಕಾ ಒತ್ತಿಕೊಡುವ ಕಡೆ ನಾನಾದರೆ ಹೋಗುವುದಿಲ್ಲ. ನಾಳೆ ಯಾರಾದರೂ ರಿಜಿಸ್ಟರ್ ತರಿಸಿದರೆ ಅದರಲ್ಲಿ ನಿಮ್ಮ ಕಾಗದದ ನಮೂದೇ ಇರುವುದಿಲ್ಲ.

ಝೆರಾಕ್ಸ್ ಕಪ್ಪುಬಿಳುಪೇ ಇರಲಿ. ಕಲರ್ ಝೆರಾಕ್ಸ್ ಅಸಲಿನ ಹಾಗೆ ಕಂಡು ಅನುಮಾನ ಹುಟ್ಟಿಸುತ್ತದೆ. ಅಂಕಪಟ್ಟಿಗೆ, ಖರೀದಿಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಲೇಬೇಡಿ. ಪ್ಲಾಸ್ಟಿಕ್ಕಿನ ಒಳಗೆ ಸೇರಿದ ಮೇಲೆ ಉಬ್ಬುಮುದ್ರೆ ಕೈಗೆ ಹತ್ತುವುದಿಲ್ಲ, ಹಿಂದೆ ಸಿಕ್ಕಾ ಹಾಕಲೂ ಜಾಗ ಉಳಿಯುವುದಿಲ್ಲ. ಅಗ್ಗದ ಹಾಳೆಯಾದರೆ ಕೆಲವು ವರ್ಷಕ್ಕೆ ಮಸಿಯನ್ನೂ ಎಳೆದುಕೊಳ್ಳುತ್ತದೆ.

ಬಾಂಡ್ ಪೇಪರಿನ ಮೇಲೆ ನೋಟರಿ ಮಾಡಿಸಿ ಪ್ಲಾಟ್ ಖರೀದಿ ಆಯಿತು ಎಂದುಕೊಳ್ಳುವವರಿಗೆ ಇಲ್ಲೇ ಒಂದು ಮಾತು: ಅದು ಖರೀದಿಯಲ್ಲ. ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿ ಆಗಲೇಬೇಕು.

ಎಡವುವ ಜಾಗ: ಸರ್ಟಿಫೈಡ್ ಕಾಪಿ

ಒಂದು ಪ್ರಸಂಗ ಇಟ್ಟುಕೊಂಡು ಹೇಳುತ್ತೇನೆ. ಗುಳೇದಗುಡ್ಡದ ಹತ್ತಿರದ ಹಳ್ಳಿ. ಅಪ್ಪ 1987ರಲ್ಲಿ ಹೊಲ ಖರೀದಿ ಮಾಡಿದ್ದ. ಈಗ ಅಣ್ಣತಮ್ಮಂದಿರಲ್ಲಿ ವಾಟ್ನಿ ತಕರಾರು. ಅಸಲು ಖರೀದಿಪತ್ರ ಅಣ್ಣನ ಪೆಟ್ಟಿಗೆಯಲ್ಲಿದೆ, ಕೊಡುವುದಿಲ್ಲ ಅನ್ನುತ್ತಾನೆ. ತಮ್ಮನ ಹತ್ತಿರ ಇರುವುದು ಮಸುಕಾದ ಝೆರಾಕ್ಸ್. ಅವನು ಅದಕ್ಕೆ ನೋಟರಿ ಸಿಕ್ಕಾ ಹೊಡೆಸಿ ವಕೀಲರ ಮುಂದೆ ಇಡುತ್ತಾನೆ. ಅಸಲು ನೋಡದೆ ಹೊಡೆದ ಸಿಕ್ಕಾ ಅದು, ಝೆರಾಕ್ಸಿಗೆ ಝೆರಾಕ್ಸೇ ಸಾಕ್ಷಿ. ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ.

ಅವನಿಗೆ ಬೇಕಾದದ್ದು ಸಬ್‌ರಿಜಿಸ್ಟ್ರಾರ್ ಕಚೇರಿಯ ನಕಲು. ಖರೀದಿಪತ್ರ ನೋಂದಣಿ ಆದಾಗ ಅದರ ಪೂರ್ತಿ ಪಾಠ ಅಲ್ಲಿನ ಒಂದನೇ ಪುಸ್ತಕಕ್ಕೆ ಏರಿರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಆ ಪುಸ್ತಕದ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಕೇಳಬಹುದು. ಅಣ್ಣನ ಒಪ್ಪಿಗೆ ಬೇಕಿಲ್ಲ. ಅಸಲಿನಲ್ಲಿ ಏನು ಬರೆದಿತ್ತು ಎಂದು ತೋರಿಸಲು ಆ ನಕಲು ನಡೆಯುತ್ತದೆ ಎಂದು ಅದೇ ಕಲಮು ಹೇಳುತ್ತದೆ. ಮೃತ್ಯುಪತ್ರ ಮಾತ್ರ ಬೇರೆ ಪುಸ್ತಕದಲ್ಲಿರುತ್ತದೆ. ಬರೆದವರು ಬದುಕಿರುವ ತನಕ ಅದರ ನಕಲು ಬೇರೆಯವರಿಗೆ ಸಿಗುವುದಿಲ್ಲ.

ತೊಡಕು ಬರುವುದು ನಂಬರಿನಲ್ಲಿ. ದಸ್ತಾವೇಜಿನ ಸಂಖ್ಯೆ, ವರ್ಷ, ಯಾವ ಕಚೇರಿ ಎಂಬುದಿಲ್ಲದೆ ಅರ್ಜಿ ಕೊಟ್ಟರೆ ಹುಡುಕುವುದು ಕಷ್ಟ. ಮಸುಕು ಝೆರಾಕ್ಸಿನಲ್ಲಿ ಸಂಖ್ಯೆ ಓದಲು ಬಾರದಿದ್ದರೆ ಉತಾರದಿಂದ, ಅಂದರೆ ಪಹಣಿಯಿಂದ, ಶುರು ಮಾಡಿ. ಉತಾರದ ಒಂಬತ್ತನೇ ಕಾಲಮ್ಮಿನಲ್ಲಿ ಮಾಲೀಕನ ಹೆಸರು, ಹತ್ತನೆಯದರಲ್ಲಿ ಹಕ್ಕು ಹೇಗೆ ಬಂತು ಎಂಬುದು ಇರುತ್ತದೆ. ಅಲ್ಲಿ ಕಾಣುವ ಡೈರಿ ನಂಬರು, ಅಂದರೆ ಹಕ್ಕು ಬದಲಾವಣೆಯ ನಮೂದಿನ ನಂಬರು, ಹಿಡಿದು ಹಿಂದಕ್ಕೆ ಹೋಗಿ. ಈಗಿನ ಉತಾರದಲ್ಲಿ ಅಪ್ಪ ತೀರಿದ ಮೇಲಿನ ವಾರಸಾ ಡೈರಿ ಮಾತ್ರ ಇದ್ದರೆ ಹಳೆಯ ಕೈಬರಹದ ಉತಾರ ತೆಗೆಸಬೇಕು. ಖರೀದಿ ಡೈರಿಯ ನಕಲನ್ನು ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಿಂದ ಪಡೆದರೆ ಅದರಲ್ಲಿ ಯಾರು ಯಾರಿಗೆ ಯಾವಾಗ ಬರೆದುಕೊಟ್ಟರು ಎಂಬುದರ ಸುಳಿವು ಸಿಗುತ್ತದೆ, ಬಹಳ ಸಲ ನೋಂದಣಿಯ ತಾರೀಖು, ಸಂಖ್ಯೆಯೂ ಇರುತ್ತದೆ. ಸಂಖ್ಯೆ ಸಿಗದಿದ್ದರೂ ಎದೆಗುಂದಬೇಡಿ. ನೋಂದಣಿ ಕಚೇರಿಯಲ್ಲಿ ಹೆಸರಿನ ಪ್ರಕಾರ ಒಂದು, ಆಸ್ತಿಯ ಪ್ರಕಾರ ಒಂದು ಸೂಚಿ ಇರುತ್ತದೆ. ವರ್ಷ ಗೊತ್ತಿದ್ದರೆ ಶೋಧನಾ ಶುಲ್ಕ ಕಟ್ಟಿ ಹುಡುಕಿಸಬಹುದು.

ಇನ್ನೊಂದು ತೊಡಕು ಕಚೇರಿಯದು. ಗುಳೇದಗುಡ್ಡ ಈಗ ತಾಲ್ಲೂಕು, 1987ರಲ್ಲಿ ಬಾದಾಮಿ ತಾಲ್ಲೂಕಿನೊಳಗೆ ಇತ್ತು. ಇಳಕಲ್ ಹುನಗುಂದದಲ್ಲಿ, ರಬಕವಿ-ಬನಹಟ್ಟಿ ಜಮಖಂಡಿಯಲ್ಲಿ ಇದ್ದವು. ಹಳೆಯ ಡೈರಿ, ಹಳೆಯ ದಸ್ತಾವೇಜು ಹುಡುಕುವಾಗ ಈಗಿನ ತಾಲ್ಲೂಕನ್ನಲ್ಲ, ಆಗಿನದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಈಚಿನ ವರ್ಷಗಳ ದಸ್ತಾವೇಜಾದರೆ ಇಷ್ಟೆಲ್ಲ ಓಡಾಟ ಇಲ್ಲ. kaveri.karnataka.gov.in ನಲ್ಲಿ ಅರ್ಜಿ ಹಾಕಿದರೆ ಡಿಜಿಟಲ್ ಸಹಿಯ ನಕಲೇ ಸಿಗುತ್ತದೆ, ಅದರ ಮೇಲೆ ಮತ್ತೆ ನೋಟರಿ ಸಿಕ್ಕಾ ಹೊಡೆಸುವುದು ರೊಕ್ಕ ಹಾಳು.

1956ಕ್ಕಿಂತ ಹಿಂದೆ ನಮ್ಮ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಬಹುಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಜ್ಜನ ಕಾಲದ ನಕಲು ತೆಗೆಸಿದರೆ ಅದು ಮರಾಠಿಯಲ್ಲಿ, ಕೆಲವು ಸಲ ಮೋಡಿ ಲಿಪಿಯಲ್ಲಿ ಬರುವುದುಂಟು. ನಕಲು ಕೊಡುವ ಕಚೇರಿ ಅದನ್ನು ಅನುವಾದಿಸಿ ಕೊಡುವುದಿಲ್ಲ. ಅಲ್ಲಿ ನೋಟರಿ ನಿಜವಾಗಿ ಕೆಲಸಕ್ಕೆ ಬರುತ್ತಾರೆ. ಅನುವಾದವನ್ನು ಪರಿಶೀಲಿಸಿ ದೃಢೀಕರಿಸುವ ಅಧಿಕಾರ 1952ರ ನೋಟರಿ ಕಾಯ್ದೆಯಲ್ಲೇ ಇದೆ. ಮೋಡಿ ಓದುವವರನ್ನು ಮಾತ್ರ ನೀವೇ ಹುಡುಕಬೇಕು.

ನಕಲು ಕೈಗೆ ಬಂದ ತಕ್ಷಣ ಕಚೇರಿಯ ಮೆಟ್ಟಿಲು ಇಳಿಯುವ ಮೊದಲೇ ಕೊನೆಯ ಪುಟ ನೋಡಿ. ನಿಜ ನಕಲು ಎಂಬ ಒಕ್ಕಣೆ, ತಾರೀಖು, ಅಧಿಕಾರಿಯ ಸಹಿ, ಹೆಸರು, ಹುದ್ದೆ, ಕಚೇರಿಯ ಮುದ್ರೆ ಇರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಮು ಇದನ್ನೇ ಕೇಳುತ್ತದೆ, ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 76ನೆಯದಾಗಿತ್ತು. ಮುದ್ರೆ ಇದ್ದು ಹೆಸರು, ಹುದ್ದೆ ಇಲ್ಲದ ನಕಲುಗಳು ಬರುತ್ತವೆ, ಅಲ್ಲೇ ನಿಂತು ಹಾಕಿಸಿಕೊಳ್ಳಿ. ಸರ್ವೆ ನಂಬರು, ಚೆಕ್ಕುಬಂದಿ ಓದಿ ನೋಡಿ. ಕೈಬರಹದಿಂದ ಇಳಿಸಿದ ನಕಲಿನಲ್ಲಿ 3 ಹೋಗಿ 8 ಆಗಿರುವುದುಂಟು.

ಇದರ ಮಿತಿಯೂ ಗೊತ್ತಿರಲಿ. ಬರೆದುಕೊಟ್ಟವನ ಸಹಿಯೇ ಸುಳ್ಳು ಅಂತ ಅಣ್ಣ ತಕರಾರು ತೆಗೆದರೆ ನಕಲೊಂದೇ ಸಾಲದು, ಸಾಕ್ಷಿ ಬೇಕಾಗುತ್ತದೆ. ಅಸಲನ್ನು ಹಾಜರುಪಡಿಸುವಂತೆ ಅಣ್ಣನಿಗೆ ನೋಟಿಸ್ ಕೊಡಲು ವಕೀಲರಿಗೆ ಹೇಳಿ. ಅಡವು ಸಾಲಕ್ಕೆ ಬ್ಯಾಂಕು ಅಸಲನ್ನೇ ಕೇಳುತ್ತದೆ. ಅಸಲು ಕಳೆದಿದ್ದರೆ ಪೊಲೀಸ್ ದೂರು, ಪೇಪರಿನಲ್ಲಿ ಪ್ರಕಟಣೆ ಎಲ್ಲ ಆದ ಮೇಲೆ ಸರ್ಟಿಫೈಡ್ ಕಾಪಿಯ ಮಾತು. ಸರ್ಟಿಫೈಡ್ ಕಾಪಿಯ ಝೆರಾಕ್ಸ್ ಮತ್ತೆ ಬರೀ ಝೆರಾಕ್ಸೇ, ಹಾಗಾಗಿ ಒಂದೇ ಅರ್ಜಿಯಲ್ಲಿ ಎರಡು ನಕಲು ತೆಗೆಸಿ, ಒಂದನ್ನು ಮನೆಯಲ್ಲಿ ಇಡಿ.

ಕೇಸು ತೀರ್ಪಾದ ಮೇಲೆ ಕೋರ್ಟಿನ ನಕಲು ಬೇಕಾಗುತ್ತದೆ. ಅಪೀಲಿಗೆ ಜಿಲ್ಲಾ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ ಗಡುವು. ಬಾಗಲಕೋಟೆ, ಬೆಳಗಾವಿಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ನಕಲು ತಯಾರಾಗಲು ಹಿಡಿದ ದಿನಗಳನ್ನು ಆ ಗಡುವಿನಿಂದ ಬಿಡುತ್ತಾರೆ. ಆ ಲೆಕ್ಕಕ್ಕೆಂದೇ ನಕಲಿನ ಕೊನೆಯಲ್ಲಿ ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ, ಕೊಟ್ಟ ದಿನ ಬರೆದಿರುತ್ತದೆ. ಜೂನ್ 1ಕ್ಕೆ ತೀರ್ಪು, 11ಕ್ಕೆ ಅರ್ಜಿ, 26ಕ್ಕೆ ನಕಲು ಸಿದ್ಧ ಎಂದಿಟ್ಟುಕೊಳ್ಳಿ. ಹದಿನಾರು ದಿನ ಬಿಟ್ಟರೆ ಜಿಲ್ಲಾ ಕೋರ್ಟಿನ ಗಡುವು ಜುಲೈ 1ರಿಂದ 17ಕ್ಕೆ ಸರಿಯುತ್ತದೆ. 26ಕ್ಕೆ ಸಿದ್ಧವಿದ್ದ ನಕಲನ್ನು ಬಿತ್ತನೆ ಗದ್ದಲದಲ್ಲಿ ಮರೆತು ಜುಲೈ 10ಕ್ಕೆ ಹೋಗಿ ತಂದರೆ, ನಡುವಿನ ಆ ಎರಡು ವಾರ ನಿಮ್ಮ ಲೆಕ್ಕಕ್ಕೇ ಹೋಗುತ್ತದೆ.