ಅಪ್ಪನ ಆಪರೇಷನ್ ಬಿಲ್ಲು: ಮೊದಲು ಕಳೆಯೋದು ಯಾವುದನ್ನ?

ತುಮಕೂರಿನ ಅಡಿಕೆ ಮಂಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ದಿನವಿಡೀ ಕೂಡುವುದು, ಕಳೆಯುವುದೇ ಕೆಲಸ. ಆದರೂ ಅಪ್ಪನ ಆರೋಗ್ಯ ವಿಮೆ ಮಾಡಿಸುವಾಗ ನಾನು ನೋಡಿದ್ದು ಪ್ರೀಮಿಯಂ ಮಾತ್ರ. ಅಪ್ಪನಿಗೆ ಆಗ 64 ವರ್ಷ. ಆ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಅಲ್ವಾ? ಏಜೆಂಟು, 'ಅಣ್ಣಾ, 25,000 ಡಿಡಕ್ಟಿಬಲ್ ಹಾಕಿಕೊಂಡರೆ ಕಡಿಮೆ ಆಗುತ್ತೆ' ಎಂದ. ಹೂಂ ಎಂದೆ. ವಿಮಾ ಮೊತ್ತ 3 ಲಕ್ಷ. ವಯಸ್ಸಾದ ಮೇಲೆ ಸೇರಿದ್ದಕ್ಕೆ 20 ಪರ್ಸೆಂಟ್ ಕೋ-ಪೇ, ಅಂದರೆ ಕ್ಲೇಮಿನಲ್ಲಿ ಅಷ್ಟು ಪಾಲು ನಾವೇ ಹೊರಬೇಕು. ಈ ಮೂರೂ ಒಂದಕ್ಕೊಂದು ಹೇಗೆ ತಗಲಿಕೊಂಡಿವೆ ಅಂತ ಗೊತ್ತಾಗಲು ಎರಡು ಬಿಲ್ಲು ಬೇಕಾಯಿತು.

ಮೊದಲನೆಯದು ಅಕ್ಟೋಬರಿನಲ್ಲಿ. ಅಪ್ಪನಿಗೆ ಡೆಂಗಿ. ಇಲ್ಲೇ ತುಮಕೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಬಿಲ್ಲು 38,000. ವಿಮೆಯಿಂದ ಬಂದದ್ದು 8,800!

ಕೋಪ ಬಂತು. ಆದರೆ ಕೂತು ಲೆಕ್ಕ ಹಾಕಿದರೆ ಅವರದು ಸರಿಯಾಗಿಯೇ ಇತ್ತು. ಗ್ಲೌಸು, ನೋಂದಣಿ ಶುಲ್ಕ ಅಂತ 2,000 ಅವರು ಕೊಡುವ ಪಟ್ಟಿಯಲ್ಲೇ ಇಲ್ಲ. ಉಳಿದ 36,000 ಅವರು ಒಪ್ಪಿದ ಮೊತ್ತ. ಅದರಲ್ಲಿ ಮೊದಲ 25,000 ಡಿಡಕ್ಟಿಬಲ್, ಅಂದರೆ ಅಷ್ಟು ದುಡ್ಡು ನಮ್ಮ ಕೈಯಿಂದ ಹೋಗುವ ತನಕ ಕಂಪನಿ ಬಾಗಿಲು ತೆರೆಯುವುದಿಲ್ಲ. ಉಳಿದದ್ದು 11,000. ಅದರ ಮೇಲೆ 20 ಪರ್ಸೆಂಟ್ ಕೋ-ಪೇ, 2,200. ಉಳಿದದ್ದು 8,800.

ಮಂಡಿಯಲ್ಲೂ ಹೀಗೇ. ಚೀಲದ ತೂಕ ಮೊದಲು ಕಳೆಯುತ್ತೇವೆ, ಪರ್ಸೆಂಟಿನ ಲೆಕ್ಕ ಆಮೇಲೆ. ಡಿಡಕ್ಟಿಬಲ್ ಚೀಲದ ತೂಕವಿದ್ದ ಹಾಗೆ. ಸಣ್ಣ ಬಿಲ್ಲಿನಲ್ಲಿ ಚೀಲವೇ ಭಾರ.

ಎರಡನೆಯದು ಫೆಬ್ರವರಿಯಲ್ಲಿ. ಹಿತ್ತಲಿನ ಸಂಪಿನ ಹತ್ತಿರ ಅಪ್ಪ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಕೀಲು ಬದಲಿಸುವ ಆಪರೇಷನ್. ಬಿಲ್ಲು 4,62,000. ಕ್ಯಾಶ್‌ಲೆಸ್ ಅಂತ ಧೈರ್ಯದಲ್ಲಿದ್ದೆ. ಡಿಸ್ಚಾರ್ಜ್ ದಿನ ಬಂದ ಮಂಜೂರಾತಿ 2,12,960 ಮಾತ್ರ. ಮಿಕ್ಕ 2,49,040 ಕಟ್ಟಿದರೇ ಬಿಡುಗಡೆ. ಭಾವನಿಂದ ಕೈಸಾಲ ತಂದು ಕಟ್ಟಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಜಗಳ ಮಾಡಿ ಪ್ರಯೋಜನವಿಲ್ಲ, ಲೆಕ್ಕ ಹಾಕುವವರು ಅಲ್ಲಿ ಕೂತಿರುವುದಿಲ್ಲ.

ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಕಂಪನಿಗೆ ಈಮೇಲ್ ಹಾಕಿ ಲೆಕ್ಕದ ಹಾಳೆ ಕೇಳಿದ್ದು. ಬರೀ ಮೊತ್ತ ಬೇಡ, ಯಾವುದನ್ನು ಯಾವಾಗ ಕಳೆದಿರಿ ಅಂತ ಸಾಲು ಸಾಲಾಗಿ ಕೊಡಿ ಎಂದೆ. ಬಂತು. ಅವರು ಹಾಕಿದ್ದ ಲೆಕ್ಕ ಹೀಗಿತ್ತು: ವಿಮಾ ಮೊತ್ತ 3 ಲಕ್ಷದಲ್ಲಿ ಡೆಂಗಿಗೆ ಕೊಟ್ಟ 8,800 ಹೋಗಿ ಉಳಿದದ್ದು 2,91,200. ಅದರಿಂದ ಡಿಡಕ್ಟಿಬಲ್ 25,000 ಕಳೆದರೆ 2,66,200. ಅದರಲ್ಲಿ 20 ಪರ್ಸೆಂಟ್ ಕೋ-ಪೇ ಹೋದರೆ 2,12,960.

ನೋಡಲು ಎಷ್ಟು ನೀಟಾಗಿದೆ! ಆದರೆ ಎರಡು ಕಡೆ ತಪ್ಪಿದೆ.

ಒಂದು, ಡಿಡಕ್ಟಿಬಲ್. ಅದರಲ್ಲಿ ಎರಡು ಬಗೆ ಇವೆ. ಕೆಲವು ಪಾಲಿಸಿಗಳಲ್ಲಿ ಪ್ರತಿ ಕ್ಲೇಮಿಗೂ ಕಳೆಯುತ್ತಾರೆ. ಇನ್ನು ಕೆಲವಲ್ಲಿ ವರ್ಷಕ್ಕೆಲ್ಲ ಸೇರಿಸಿ ಒಂದು ಸಲ. ಎರಡನೆಯದಕ್ಕೆ ಅಗ್ರಿಗೇಟ್ ಡಿಡಕ್ಟಿಬಲ್ ಅನ್ನುತ್ತಾರೆ. ನಮ್ಮದು ಅಗ್ರಿಗೇಟ್. ನಮ್ಮ ಪಾಲಿಸಿ ವರ್ಷ ಜೂನ್‌ನಿಂದ ಮೇ. ಡೆಂಗಿಯಲ್ಲೇ ಆ 25,000 ಮುಗಿದಿತ್ತು. ಅದೇ ವರ್ಷದೊಳಗೆ ಮತ್ತೆ ಕಳೆಯುವ ಹಾಗಿಲ್ಲ.

ಎರಡನೆಯದು ದೊಡ್ಡ ತಪ್ಪು. ಅವರು ವಿಮಾ ಮೊತ್ತದಿಂದ ಲೆಕ್ಕ ಶುರು ಮಾಡಿದ್ದರು. ಶುರುವಾಗಬೇಕಾದದ್ದು ಬಿಲ್ಲಿನಿಂದ. ಪಾಲಿಸಿ ಪುಸ್ತಕ ತೆಗೆದು ವ್ಯಾಖ್ಯೆಗಳ ಪುಟ ಓದಿದೆ. ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಈ ಪದಗಳಿಗೆ ಕೊಟ್ಟಿರುವ ವ್ಯಾಖ್ಯೆಯನ್ನೇ ಅಲ್ಲಿ ಅಚ್ಚು ಹಾಕಿರುತ್ತಾರೆ. ಕೋ-ಪೇ ಅಂದರೆ ಒಪ್ಪಿದ ಕ್ಲೇಮ್ ಮೊತ್ತದಲ್ಲಿ ನಾವು ಹೊರುವ ಪರ್ಸೆಂಟು, ಅದರಿಂದ ವಿಮಾ ಮೊತ್ತ ಕಡಿಮೆಯಾಗುವುದಿಲ್ಲ ಎಂದಿದೆ. ಡಿಡಕ್ಟಿಬಲ್‌ಗೂ ಅದೇ ಮಾತು. ಇನ್ನೂ ಹತ್ತು ಪುಟ ಮುಂದೆ ಹೋದರೆ ನಮ್ಮ ಪಾಲಿಸಿಯಲ್ಲಿ ಕ್ಲೇಮ್ ಲೆಕ್ಕ ಹಾಕುವ ಕ್ರಮವನ್ನೇ ಬರೆದಿದ್ದರು: ಕೊಡದ ಬಾಬತ್ತು ಮೊದಲು, ಆಮೇಲೆ ಡಿಡಕ್ಟಿಬಲ್, ಆಮೇಲೆ ಕೋ-ಪೇ, ಕೊನೆಗೆ ಉಳಿದದ್ದು ಬಾಕಿ ವಿಮಾ ಮೊತ್ತವನ್ನು ಮೀರಬಾರದು.

ಹಾಗಾದರೆ ಸರಿಯಾದ ಲೆಕ್ಕ ಇಷ್ಟು. 4,62,000 ಬಿಲ್ಲಿನಲ್ಲಿ ಕೊಡದ ಬಾಬತ್ತು 12,000 ಹೋಗಿ 4,50,000. ಡಿಡಕ್ಟಿಬಲ್ ಸೊನ್ನೆ. ಕೋ-ಪೇ 90,000 ಹೋದರೆ 3,60,000. ಬಾಕಿ ವಿಮಾ ಮೊತ್ತ 2,91,200 ಮಾತ್ರ ಇರುವುದರಿಂದ ಅಷ್ಟೇ ಸಿಗಬೇಕು. ನಮಗೆ ಕಡಿಮೆ ಬಂದದ್ದು 78,240.

ಇದನ್ನೇ ಒಂದು ಪುಟದಲ್ಲಿ ಬರೆದು, ಪಾಲಿಸಿಯ ಆ ಎರಡು ಪುಟದ ಫೋಟೋ ಸೇರಿಸಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿದೆ. ಕಷ್ಟ, ಸಾಲ, ಅಪ್ಪನ ವಯಸ್ಸು ಏನೂ ಬರೆಯಲಿಲ್ಲ. ಎರಡು ಲೆಕ್ಕ ಅಕ್ಕಪಕ್ಕ, ಪಾಲಿಸಿ ಷರತ್ತಿನ ನಂಬರ್, ಅಷ್ಟೇ. ಅಲ್ಲಿ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗೋಣ ಅಂತಿದ್ದೆ. ಬೇಕಾಗಲಿಲ್ಲ. ಹನ್ನೊಂದನೇ ದಿನ 78,240 ನನ್ನ ಖಾತೆಗೆ ಬಂತು. ತಪ್ಪಾಯಿತು ಅಂತ ಒಂದು ಸಾಲೂ ಇರಲಿಲ್ಲ, 'ಪರಿಷ್ಕೃತ ಪಾವತಿ' ಅಂತ ಮಾತ್ರ ಇತ್ತು.

ಇದನ್ನು ಕೇಳಿ ನಮ್ಮ ಮಂಡಿಯ ಇನ್ನೊಬ್ಬರು ಅವರ ಹಳೇ ಸೆಟಲ್‌ಮೆಂಟ್ ಪತ್ರ ತಂದು ತೋರಿಸಿದರು. ಅವರಿಗೂ ವಿಮಾ ಮೊತ್ತಕ್ಕೆ ಇಳಿಸಿದ ಮೇಲೆ ಕೋ-ಪೇ ಕಳೆದಿದ್ದರು. ಆದರೆ ಅವರ ಪಾಲಿಸಿಯಲ್ಲಿ ಒಪ್ಪಿದ ಮೊತ್ತ ಅನ್ನುವುದೇ ವಿಮಾ ಮೊತ್ತದೊಳಗಿನ ಮೊತ್ತ ಅಂತ ಸ್ಪಷ್ಟವಾಗಿ ಬರೆದಿತ್ತು. ಅಲ್ಲಿ ವಾದ ನಿಲ್ಲುವುದಿಲ್ಲ, ಸುಮ್ನೆ ಓಡಾಡಬೇಡಿ ಎಂದೆ. ಕ್ರಮ ಎಲ್ಲ ಪಾಲಿಸಿಯಲ್ಲೂ ಒಂದೇ ಅಲ್ಲ. ಬಿಲ್ಲು ವಿಮಾ ಮೊತ್ತದೊಳಗೇ ಇದ್ದರೆ ಇದು ಕಣ್ಣಿಗೆ ಬೀಳುವುದೂ ಇಲ್ಲ, ಮೀರಿದಾಗಲೇ ಗೊತ್ತಾಗುವುದು.

ಮೇ ತಿಂಗಳಲ್ಲಿ ನವೀಕರಣ ಬಂತು. ಏಜೆಂಟು ಮತ್ತೆ ಬಂದು, 'ಸ್ವಲ್ಪ ಜಾಸ್ತಿ ಕಟ್ಟಿ ಕೋ-ಪೇ ತೆಗೆಸಿಬಿಡಿ ಅಣ್ಣಾ' ಎಂದ. ಈ ಸಲ ಪೆನ್ನು ಹಿಡಿದು ಕೂತೆ. ಕೋ-ಪೇ ಇಲ್ಲದೇ ಇದ್ದಿದ್ದರೆ ಸೊಂಟದ ಬಿಲ್ಲಿಗೆ ಎಷ್ಟು ಬರುತ್ತಿತ್ತು? ಡೆಂಗಿಗೆ 8,800 ಬದಲು 11,000 ಹೋಗಿರುತ್ತಿತ್ತು, ಆದ್ದರಿಂದ 4,50,000 ಒಪ್ಪಿದರೂ ಕೈಗೆ ಬರುವುದು ಬಾಕಿ 2,89,000. ಒಂದು ರೂಪಾಯಿಯೂ ಜಾಸ್ತಿ ಇಲ್ಲ. ಡೆಂಗಿಯ ಬಿಲ್ಲಿನಲ್ಲಿ ಉಳಿಯುತ್ತಿದ್ದ 2,200 ಇಲ್ಲಿ ಹೋಗುತ್ತಿತ್ತು, ಎರಡೂ ಸೇರಿ ಅದೇ 3 ಲಕ್ಷ. ಅದೇ ಕೋ-ಪೇ ಹಾಗೇ ಇದ್ದು ವಿಮಾ ಮೊತ್ತ 5 ಲಕ್ಷ ಇದ್ದಿದ್ದರೆ ಪೂರ್ತಿ 3,60,000 ಬರುತ್ತಿತ್ತು, 68,800 ಜಾಸ್ತಿ.

ಅದಕ್ಕೆ ಕೋ-ಪೇ ಮುಟ್ಟಲಿಲ್ಲ, ವಿಮಾ ಮೊತ್ತ 5 ಲಕ್ಷಕ್ಕೆ ಏರಿಸಲು ಅರ್ಜಿ ಕೊಟ್ಟೆ. ಅಪ್ಪನಿಗೆ ಮತ್ತೆ ವೈದ್ಯಕೀಯ ತಪಾಸಣೆ ಮಾಡಿಸಿ ಒಪ್ಪಿದರು. ಹೊಸದಾಗಿ ಸೇರಿದ 2 ಲಕ್ಷಕ್ಕೆ ಮಾತ್ರ ಹಳೇ ಕಾಯಿಲೆಗಳ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆ, ಹಳೇ 3 ಲಕ್ಷಕ್ಕಲ್ಲ. ಡಿಡಕ್ಟಿಬಲ್ ಉಳಿಸಿಕೊಂಡೆ. ಅಷ್ಟು ದುಡ್ಡು ಹೇಗಾದರೂ ಹೊಂದಿಸಬಹುದು.

ಒಂದು ಬಾಬತ್ತು ಮಾತ್ರ ನನ್ನ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಡಿಸ್ಚಾರ್ಜ್ ಆದ ಮೇಲೆ 60 ದಿನದ ಖರ್ಚೂ ನಮ್ಮ ಪಾಲಿಸಿಯಲ್ಲಿ ಸಿಗುತ್ತದೆ. ಅಪ್ಪನ ಫಿಸಿಯೋಥೆರಪಿಗೆ 14,000 ಆಯಿತು. ರಸೀದಿ ಎಲ್ಲ ಜೋಡಿಸಿ ಕಳಿಸಿದೆ. ಸೊನ್ನೆ ಬಂತು. ಆ ಖರ್ಚೂ ಅದೇ 3 ಲಕ್ಷದೊಳಗೇ ಬರಬೇಕಂತೆ. ಅದು ನಾನೇ ಹೋರಾಡಿ ತಂದ 78,240 ಜೊತೆಗೆ ಪೂರ್ತಿ ಖಾಲಿಯಾಗಿತ್ತು.