ರಾತ್ರಿ ಪರದೆ: ಮೊದಲು ಬೆಳಕು, ಆಮೇಲೆ ಬಣ್ಣ

ರಾತ್ರಿ ಕೆಲಸ ಮಾಡುವಾಗ ಕಣ್ಣು ಉರಿಯುತ್ತದೆ ಎಂದರೆ, ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಹಾಕಿಕೊಳ್ಳಿ ಎಂಬ ಸಲಹೆಯೇ ಮೊದಲು ಬರುತ್ತದೆ. ನಾನು ಮಾತ್ರ ಬ್ರೈಟ್‌ನೆಸ್‌ನಿಂದ ಶುರುಮಾಡುತ್ತೇನೆ. ಕೋಣೆ ಮಬ್ಬಾಗಿದ್ದು ಪರದೆಯೊಂದೇ ಪ್ರಖರವಾಗಿದ್ದರೆ, ಅದಕ್ಕೆ ಎಷ್ಟು ಹಳದಿ ಬಳಿದರೂ ಕಣ್ಣಿಗೆ ಆರಾಮ ಸಿಗುವುದಿಲ್ಲ.

ನನ್ನ ಅಳತೆಗೋಲು ಒಂದು ಬಿಳಿ ಹಾಳೆ. ಮೇಜಿನ ದೀಪ ಹಚ್ಚಿ, ಅದರ ಬೆಳಕು ಪರದೆಯ ಮೇಲೆ ಪ್ರತಿಫಲಿಸದಂತೆ ತಿರುಗಿಸಿ, ಹಾಳೆಯನ್ನು ಮಾನಿಟರ್ ಪಕ್ಕ ಹಿಡಿಯುತ್ತೇನೆ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದಿರುತ್ತದೆ. ಪುಟ ದೀಪದಂತೆ ಹೊಳೆಯುವುದು ನಿಂತು ಹಾಳೆಯಂತೆಯೇ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸುತ್ತೇನೆ. ಅಕ್ಷರ ಓದಲು ಕಣ್ಣು ಕಿರಿದು ಮಾಡಬೇಕಾದರೆ ಅತಿಯಾಗಿ ಇಳಿಸಿದ್ದೇನೆ ಎಂದರ್ಥ. ಆಗ ಸ್ವಲ್ಪ ಏರಿಸುತ್ತೇನೆ.

ಆಮೇಲೆ ಬಣ್ಣದ ಸರದಿ. ಪರದೆಯ ಸಾಮಾನ್ಯ ಬಿಳುಪು ಸುಮಾರು 6500 ಕೆಲ್ವಿನ್, ಹಗಲಿನ ಬೆಳಕಿನಂತೆ. ಬೆಚ್ಚನೆಯ ಹಳದಿ ಬಲ್ಬು ಸುಮಾರು 2700. ಸಂಖ್ಯೆ ಇಳಿದಷ್ಟೂ ಹಳದಿ ಹೆಚ್ಚು. ಅದೇ ಹಾಳೆಯ ಪಕ್ಕದಲ್ಲಿ ಪುಟ ನೀಲಿಯಾಗಿ ಕಾಣುತ್ತಿದ್ದರೆ ಸಂಖ್ಯೆ ಇಳಿಸುತ್ತೇನೆ, ಕೆಂಪಾಗಿ ಕಂಡರೆ ಏರಿಸುತ್ತೇನೆ. ನನ್ನ ದೀಪಕ್ಕೆ 3400ರ ಆಸುಪಾಸು ಹೊಂದುತ್ತದೆ. ಲಿನಕ್ಸ್‌ನ ಎಕ್ಸ್11ನಲ್ಲಿ ಪರದೆಯ ಬಣ್ಣ ಬದಲಿಸುವ ರೆಡ್‌ಶಿಫ್ಟ್ ಇದ್ದರೆ ಹೀಗೆ:

```
redshift -P -O 3400
```

ಬದಲಾದ ಬಣ್ಣಕ್ಕೆ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಹಾಕಿದ ಕೂಡಲೇ ಚೆನ್ನಾಗಿಲ್ಲ ಎಂದು ತೀರ್ಮಾನಿಸಬೇಡಿ.

ಇಷ್ಟೆಲ್ಲ ಹೊಂದಿಸಿದ ಮೇಲೂ ತಲೆ ಭಾರವೆನಿಸಿದರೆ ಮಿನುಗುವಿಕೆಯನ್ನು ಪರೀಕ್ಷಿಸಿ. ಕೆಲವು ಪರದೆಗಳು ಬೆಳಕನ್ನು ತಗ್ಗಿಸುವುದೇ ಅದನ್ನು ಅತಿವೇಗದಲ್ಲಿ ಆರಿಸಿ ಹಚ್ಚುವ ಮೂಲಕ. ಕೋಣೆಯ ದೀಪ ಆರಿಸಿ, ಬಿಳಿ ಪುಟದ ಮುಂದೆ ಪೆನ್ಸಿಲನ್ನು ಬೇಗಬೇಗ ಆಡಿಸಿ. ಅದು ಒಂದೇ ಮಸುಕು ಪಟ್ಟಿಯಾಗಿ ಕಂಡರೆ ಚಿಂತೆಯಿಲ್ಲ. ಬಿಡಿಬಿಡಿ ಪೆನ್ಸಿಲ್‌ಗಳ ಸಾಲಾಗಿ ಕಂಡರೆ ಪರದೆ ಮಿನುಗುತ್ತಿದೆ. ಅಂಥ ಮಾನಿಟರ್‌ನಲ್ಲಿ ನಾನು ಬ್ರೈಟ್‌ನೆಸ್ ಗುಂಡಿಯನ್ನು ಪೆನ್ಸಿಲ್ ಸಾಲು ಮಾಯವಾಗುವ ಮಟ್ಟಕ್ಕೆ ಏರಿಸಿ, ಉಳಿದ ಪ್ರಖರತೆಯನ್ನು ಸಾಫ್ಟ್‌ವೇರ್‌ನಿಂದ ತಗ್ಗಿಸುತ್ತೇನೆ:

```
redshift -P -O 3400 -b 0.7
```

ಇದರಿಂದ ಎಲ್‌ಸಿಡಿ ಪರದೆಯಲ್ಲಿ ಕಪ್ಪು ಬಿಳುಪಿನ ಅಂತರ ಸ್ವಲ್ಪ ಕುಗ್ಗುತ್ತದೆ. ಓದು ಬರಹಕ್ಕೆ ಅದೇನೂ ತೊಂದರೆಯಲ್ಲ.

ಈ ಹಳದಿ ಫಿಲ್ಟರ್‌ನ ಮಿತಿಯೂ ಗೊತ್ತಿರಬೇಕು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗುವುದು ಅದರಿಂದ. ಹಳದಿ ಬಣ್ಣ ಅದನ್ನು ತಡೆಯದು. ಹಾಗಾಗಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡುತ್ತೇನೆ, ಬೇಕೆಂದೇ ರೆಪ್ಪೆ ಬಡಿಯುತ್ತೇನೆ. ಫೋಟೋ ತಿದ್ದುವ ಕೆಲಸ ಬಂದರೆ ಮಾತ್ರ `redshift -x` ಕೊಟ್ಟು ಫಿಲ್ಟರ್ ತೆಗೆಯುತ್ತೇನೆ, ಇಲ್ಲದಿದ್ದರೆ ಬಣ್ಣದ ಅಂದಾಜು ಪೂರ್ತಿ ತಪ್ಪುತ್ತದೆ.